ಗೋಡೆಯ ಮೇಲಿನ ಪಾತ್ರೆ, ಕೊಡದೊಳಗಿನ ಫ್ಲೋರೈಡ್

ಸರ್ಕಾರಿ ಗೋಡೆಗಳ ಮೇಲೆ ಬರೆಸುವ ಆರೋಗ್ಯದ ಚಿತ್ರಗಳಲ್ಲಿ ಎಲ್ಲರಿಗೂ ಥಟ್ಟನೆ ತಿಳಿಯುವುದು ಒಲೆಯ ಮೇಲಿಟ್ಟ ಪಾತ್ರೆ. ಕೆಳಗೆ ಉರಿ, ಮೇಲೆ ಆವಿಯ ಮೂರು ಗೆರೆ. ನೀರು ಕುದಿಸಿ ಕುಡಿಯಿರಿ ಎಂಬುದನ್ನು ಅಕ್ಷರ ಬಾರದ ಅಜ್ಜಿಯೂ ಓದಿಕೊಳ್ಳುತ್ತಾಳೆ, ಮನೆಯಲ್ಲಿ ತೆಲುಗಾಡುವವರೂ ಓದಿಕೊಳ್ಳುತ್ತಾರೆ. 2023ರ ಆಗಸ್ಟ್‌ನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದ ಜನ ಗುಂಪುಗುಂಪಾಗಿ ಆಸ್ಪತ್ರೆ ಸೇರಿದರು, ಸಾವುಗಳೂ ಆದವು. ಅಂಥ ಹೊತ್ತಿನಲ್ಲಿ ಊರೂರಿಗೆ ಬೇಗ ತಲುಪಬೇಕಾದದ್ದು ಈ ಪಾತ್ರೆಯ ಚಿತ್ರವೇ. ವಾಂತಿಭೇದಿ ತರುವ ರೋಗಾಣುಗಳು ನೀರು ಕುದಿ ಬಂದರೆ ಸಾಯುತ್ತವೆ. ಈ ಚಿತ್ರದ ಮೇಲೆ ಆ ಮಟ್ಟಿಗೆ ಯಾರೂ ತಕರಾರು ತೆಗೆಯುವಂತಿಲ್ಲ.

ತಕರಾರು ಶುರುವಾಗುವುದು ಅದೇ ಚಿತ್ರ ಚಳ್ಳಕೆರೆ, ಮೊಳಕಾಲ್ಮುರು ಕಡೆಯ ಕೊಳವೆಬಾವಿಗಳ ಹತ್ತಿರ ಬಂದಾಗ. ಈ ಸೀಮೆಯ ಕಲ್ಲಿನೊಳಗೇ ಫ್ಲೋರೈಡ್ ಇದೆ. ಮಳೆ ಕಡಿಮೆ, ಬೋರ್ ಆಳ, ನೀರು ಬಂಡೆಯ ಬಿರುಕುಗಳಲ್ಲಿ ಬಹುಕಾಲ ನಿಂತು ಆ ಲವಣವನ್ನು ಕರಗಿಸಿಕೊಂಡು ಮೇಲೆ ಬರುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಂದ ಗುರುತು ಹಿಡಿಯುವಂತೆಯೂ ಇಲ್ಲ. ಫ್ಲೋರೈಡ್ ಕುದಿಸಿದರೆ ಹೋಗುವ ವಸ್ತುವಲ್ಲ. ಹತ್ತು ಲೀಟರ್ ನೀರು ಕುದಿದು ಎಂಟು ಲೀಟರಿಗೆ ಇಳಿಯಿತು ಎನ್ನಿ. ಮೊದಲು ಲೀಟರಿಗೆ 2 ಮಿಲಿಗ್ರಾಂ ಇದ್ದ ಫ್ಲೋರೈಡ್ ಈಗ 2.5 ಆಗಿರುತ್ತದೆ. ಆವಿಯಾಗಿ ಹೋದದ್ದು ನೀರು ಮಾತ್ರ. ಮಣ್ಣಿನ ಕ್ಯಾಂಡಲ್ ಇರುವ ಫಿಲ್ಟರೂ ಕ್ಲೋರಿನ್ ಮಾತ್ರೆಯೂ ಇದಕ್ಕೆ ಉಪಯೋಗಕ್ಕೆ ಬರುವುದಿಲ್ಲ. ಆರ್‌ಒ ಘಟಕ ಬೇಕು, ಇಲ್ಲವೇ ಫ್ಲೋರೈಡ್ ಹೀರುವ ಅಲ್ಯುಮಿನಾದಂಥ ಪುಡಿಯ ಮೂಲಕ ಹಾಯಿಸಬೇಕು, ಇಲ್ಲವೇ ದೂರದ ನದಿಯ ನೀರು ಬರಬೇಕು. ತುಂಗಭದ್ರಾ ಹಿನ್ನೀರಿನ ಬಹುಗ್ರಾಮ ಯೋಜನೆಯಲ್ಲಿ ಈ ತಾಲ್ಲೂಕುಗಳನ್ನು ಸೇರಿಸಿದ್ದಕ್ಕೆ ಇದೂ ಒಂದು ಕಾರಣ.

ಹೀಗೆ ಒಂದೇ ಚಿತ್ರ ಒಂದು ನೀರಿಗೆ ಸರಿ, ಇನ್ನೊಂದು ನೀರಿಗೆ ತಪ್ಪು. ಅದನ್ನು ನಂಬಿ ಸೌದೆ, ಗ್ಯಾಸು ಖರ್ಚು ಮಾಡಿ ನೀರು ಕುದಿಸಿದ ತಾಯಿ ಮಗುವಿಗೆ ಮೊದಲಿಗಿಂತ ಹೆಚ್ಚು ಫ್ಲೋರೈಡ್ ಕುಡಿಸಿರುತ್ತಾಳೆ. ಎಮೋಜಿಯಂಥ ಚಿತ್ರಗಳಲ್ಲಿ ಸರ್ಕಾರಿ ಸೂಚನೆ ಕೊಡುವುದು ಸರಿಯೇ ಎಂಬ ಚರ್ಚೆ ಬಂದಾಗಲೆಲ್ಲ ಮಾತು ಎರಡು ದಡಕ್ಕೆ ಹೋಗಿ ನಿಲ್ಲುತ್ತದೆ. ಜನಕ್ಕೆ ತಲುಪುವುದು ಮುಖ್ಯ ಎನ್ನುವವರು ಒಂದು ಕಡೆ, ಸರ್ಕಾರಿ ಮಾತಿಗೆ ಒಂದು ತೂಕ ಬೇಕು ಎನ್ನುವವರು ಇನ್ನೊಂದು ಕಡೆ. ಚಿತ್ರ ಯಾವುದನ್ನು ಹೇಳಬಲ್ಲದು, ಯಾವುದನ್ನು ಹೇಳಲಾರದು ಎಂದು ಮೊದಲು ನೋಡದೆ ಈ ಜಗಳ ತೀರುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಅದನ್ನು ನೋಡುವುದಕ್ಕೆ ಫ್ಲೋರೈಡ್ ಬೋರ್‌ವೆಲ್ಲಿನ ಪಕ್ಕದ ಒಂದು ಫಲಕಕ್ಕಿಂತ ಒಳ್ಳೆಯ ಜಾಗ ಇಲ್ಲ.

ಆ ಫಲಕ ಹೇಳಬೇಕಾದ ವಿಷಯ ಇಷ್ಟು. ಈ ಬೋರಿನ ನೀರಿನಲ್ಲಿ ಫ್ಲೋರೈಡ್ ಹೆಚ್ಚಿದೆ. ಕುಡಿಯಬೇಡಿ, ಅಡುಗೆಗೂ ಬಳಸಬೇಡಿ. ಬಟ್ಟೆ ಒಗೆಯಬಹುದು, ಸ್ನಾನ ಮಾಡಬಹುದು. ಕುದಿಸಿದರೆ ಸರಿಹೋಗುವುದಿಲ್ಲ. ಇವತ್ತು ಕುಡಿದರೆ ಇವತ್ತೇ ಏನೂ ಆಗುವುದಿಲ್ಲ, ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲು ಕಂದುಗಟ್ಟುತ್ತದೆ, ದೊಡ್ಡವರ ಕೀಲು, ಬೆನ್ನು ಬಿಗಿಯುತ್ತದೆ. ಬಾಯಲ್ಲಿ ಹೇಳಿದರೆ ಅರ್ಧ ನಿಮಿಷದ ಮಾತು. ಬರೆಯದೆ ಚಿತ್ರದಲ್ಲೇ ಹೇಳಲು ಹೊರಡೋಣ.

ಮೊದಲು ಯಾರಿಗಾದರೂ ಹೊಳೆಯುವುದು ನಲ್ಲಿಯ ಮೇಲೆ ಕೆಂಪು ಅಡ್ಡಗೆರೆ. ಇದನ್ನು ಎಷ್ಟು ಬಗೆಯಲ್ಲಿ ಓದಬಹುದು ನೋಡಿ. ನಲ್ಲಿ ಕೆಟ್ಟಿದೆ. ಇವತ್ತು ನೀರು ಬಿಡುವುದಿಲ್ಲ. ನೀರು ಪೋಲು ಮಾಡಬೇಡಿ. ಇಲ್ಲಿ ಬಟ್ಟೆ ಒಗೆಯಬೇಡಿ. ನೀರಿಗೆ ಬರ ಇರುವ ಊರಿನಲ್ಲಿ ನಲ್ಲಿ ಸುಮ್ಮನೆ ತೆರೆದಿಡಬೇಡಿ ಎಂಬ ಅರ್ಥವೇ ಎಲ್ಲಕ್ಕಿಂತ ಮೊದಲು ಬರುವುದು. ಕುಡಿಯಬೇಡಿ ಎಂಬುದು ಸಾಲಿನಲ್ಲಿ ಎಲ್ಲೋ ಕೊನೆಗೆ. ಹಾಗಾದರೆ ಲೋಟ ಬಾಯಿಗಿಟ್ಟ ಮನುಷ್ಯನನ್ನು ಬರೆದು ಅಡ್ಡಗೆರೆ ಹಾಕೋಣ. ಇದು ವಾಸಿ. ಆದರೆ ಅಡುಗೆ ಬಿಟ್ಟುಹೋಯಿತು. ಫಿಲ್ಟರ್ ನೀರನ್ನು ಕ್ಯಾನಿನಲ್ಲಿ ತಂದು ಕುಡಿಯುವುದಕ್ಕಷ್ಟೇ ಇಟ್ಟುಕೊಂಡು, ಮುದ್ದೆಗೂ ಸಾರಿಗೂ ಬೋರಿನ ನೀರನ್ನೇ ಎಸರಿಡುವ ಮನೆಗಳಲ್ಲಿ ಫ್ಲೋರೈಡು ಮುದ್ದೆಯ ದಾರಿ ಹಿಡಿದು ಹೊಟ್ಟೆ ಸೇರುತ್ತದೆ. ಅಡುಗೆಯ ಪಾತ್ರೆಯನ್ನೂ ಬರೆದು ಅಡ್ಡಗೆರೆ ಎಳೆದರೆ, ಅದು ಹಳೆಯ ಆವಿಯ ಪಾತ್ರೆಗೆ ಎದುರಾಗಿ ನಿಲ್ಲುತ್ತದೆ. ಆರೋಗ್ಯ ಕೇಂದ್ರದ ಗೋಡೆಯಲ್ಲಿ ಕುದಿಸಿ ಎನ್ನುವ ಪಾತ್ರೆ, ಬೋರಿನ ಹತ್ತಿರ ಕುದಿಸಬೇಡಿ ಎನ್ನುವ ಪಾತ್ರೆ. ‘ಅಲ್ಲಿ ನೀವೇ ಕುದಿಸಿ ಅಂದ್ರಿ, ಇಲ್ಲಿ ಬೇಡ ಅಂತೀರಿ, ಯಾವ್ದು ನಂಬೋದಕ್ಕ?’ ಎಂದು ಆಶಾ ಕಾರ್ಯಕರ್ತೆಯನ್ನು ಯಾರಾದರೂ ಕೇಳಿದರೆ ಉತ್ತರ ಚಿತ್ರದಲ್ಲಿಲ್ಲ.

ಬಳಸಬಹುದಾದ ಕೆಲಸಗಳ ಸಾಲಿನಲ್ಲಿ ಬಕೆಟ್ಟು, ಬಟ್ಟೆಯ ಜೊತೆ ಒಂದು ಹಸುವನ್ನೂ ಬರೆಯೋಣ ಎಂದು ಯಾರಿಗಾದರೂ ಅನ್ನಿಸಬಹುದು. ಅದೂ ತಪ್ಪಾಗುತ್ತದೆ. ಫ್ಲೋರೈಡ್ ಹೆಚ್ಚಿರುವ ನೀರು ಕುಡಿದ ದನಗಳ ಹಲ್ಲೂ ಮೂಳೆಯೂ ಕೆಡುತ್ತವೆ. ಇನ್ನು ಆರ್‌ಒ ಘಟಕದ ಹಿಂಬದಿಯ ಪೈಪಿನಿಂದ ಹೊರಬೀಳುವ ನೀರು ಬೋರಿನ ನೀರಿಗಿಂತಲೂ ಗಟ್ಟಿ, ಏಕೆಂದರೆ ಬೇರ್ಪಡಿಸಿದ ಲವಣವೆಲ್ಲ ಅದರಲ್ಲಿರುತ್ತದೆ. ಅದನ್ನು ದನದ ತೊಟ್ಟಿಗೆ ಬಿಡುವಂತಿಲ್ಲ. ಚಿಕ್ಕ ಚಿತ್ರದ ಹಿಂದೆ ಇಷ್ಟು ತಿಳಿವಳಿಕೆ ಬೇಕಾಗುತ್ತದೆ. ಸಿದ್ಧ ಎಮೋಜಿಗಳನ್ನು ಕಂಪ್ಯೂಟರಿನಿಂದ ತೆಗೆದು ಜೋಡಿಸುವವರಿಗೆ ಅದು ಇರಬೇಕಾಗಿಲ್ಲ, ಅಪಾಯ ಹುಟ್ಟುವುದು ಅಲ್ಲೇ.

ಜನ ಗಂಭೀರವಾಗಿ ತೆಗೆದುಕೊಳ್ಳಲಿ ಎಂದು ತಲೆಬುರುಡೆ ಬರೆದರೆ? ಶೇಂಗಾ ಬೆಳೆಯುವ ಈ ಸೀಮೆಯ ರೈತರಿಗೆ ತಲೆಬುರುಡೆ ಹೊಸದೇನಲ್ಲ, ಅತಿ ವಿಷದ ಕೀಟನಾಶಕದ ಡಬ್ಬಿಯ ಮೇಲೆ ಕೆಂಪು ಗುರುತಿನೊಂದಿಗೆ ಅದು ಇದ್ದೇ ಇರುತ್ತದೆ. ಕುಡಿದರೆ ಸಾವು ಎಂಬ ಅದರ ಅರ್ಥ ಗಟ್ಟಿಯಾಗಿ ಕೂತಿದೆ. ಬೋರಿನ ಪಕ್ಕ ಅದನ್ನು ಬರೆದ ದಿನ ಊರಿಗೆ ಊರೇ ಹೆದರುತ್ತದೆ, ಯಾರೋ ನೀರಿಗೆ ಏನೋ ಬೆರೆಸಿದ್ದಾರೆ ಎಂಬ ಸುದ್ದಿಯೂ ಹಬ್ಬಬಹುದು. ಒಂದು ವಾರ ಕಳೆಯಲಿ. ಬೇರೆ ನೀರು ಸಿಗದ ಒಬ್ಬರು ಅದೇ ನೀರು ಕುಡಿಯುತ್ತಾರೆ, ಅವರಿಗೆ ಏನೂ ಆಗುವುದಿಲ್ಲ. ಅವರನ್ನು ನೋಡಿ ಇನ್ನೊಬ್ಬರು. ತಿಂಗಳೊಳಗೆ ಎಲ್ಲರೂ ಕುಡಿಯುತ್ತಿರುತ್ತಾರೆ, ತಲೆಬುರುಡೆಯ ಮಾತು ಸುಳ್ಳು ಎಂದು ಊರು ತನ್ನ ಕಣ್ಣಾರೆ ಕಂಡಿರುತ್ತದೆ. ಮುಂದೊಮ್ಮೆ ನಿಜವಾಗಿಯೂ ವಿಷ ಬಿದ್ದ ನೀರಿಗೆ ಅದೇ ಗುರುತು ಹಾಕಿದರೆ ಯಾರು ನಂಬುತ್ತಾರೆ? ಚಿತ್ರಕ್ಕೆ ಕಾಲ ಗೊತ್ತಿಲ್ಲ. ಈಗ ಆಗುವುದು, ಹತ್ತು ವರ್ಷಕ್ಕೆ ಆಗುವುದು ಎರಡನ್ನೂ ಅದು ಒಂದೇ ಮುಖದಲ್ಲಿ ತೋರಿಸುತ್ತದೆ. ನೀರಿನ ವಿಷಯದಲ್ಲಿ ಕಾಲವೇ ಮುಖ್ಯ.

ಈ ತಪ್ಪನ್ನು ನಮ್ಮ ದೇಶ ದೊಡ್ಡ ಪ್ರಮಾಣದಲ್ಲಿಯೇ ಮಾಡಿದೆ. ತಂಬಾಕಿನ ಪೊಟ್ಟಣಗಳ ಮೇಲೆ ಚಿತ್ರದ ಎಚ್ಚರಿಕೆ ಕಡ್ಡಾಯವಾದದ್ದು 2009ರ ಮೇ 31ರಿಂದ. ಆಗ ಗುಟ್ಕಾದಂಥ ಜಗಿಯುವ ತಂಬಾಕಿಗೆ ಹಾಕಿದ ಚಿತ್ರ ಚೇಳು. ಕಲ್ಲು ಎತ್ತಿದರೆ ಚೇಳು ಸಿಗುವ ಊರುಗಳಲ್ಲಿ ಚೇಳು ಎಂದರೆ ಕುಟುಕಿದ ಕ್ಷಣವೇ ಜೀವ ಹಿಂಡುವ ನೋವು. ಗುಟ್ಕಾ ಜಗಿದವನಿಗೆ ಅಂಥ ನೋವು ಬರಲಿಲ್ಲ, ಬಾಯಿಯ ಕ್ಯಾನ್ಸರು ವರ್ಷಗಳ ಮೇಲೆ ಬರುವಂಥದ್ದು. ಪೊಟ್ಟಣದ ಮೇಲಿನ ಚೇಳಿಗೂ ತನ್ನ ಬಾಯಿಗೂ ಏನು ಸಂಬಂಧ ಎಂಬುದು ಅವನಿಗೆ ತಿಳಿಯುವ ದಾರಿಯೇ ಇರಲಿಲ್ಲ, ಅದು ಕಂಪನಿಯ ಗುರುತಿನಂತೆಯೂ ಕಾಣುತ್ತಿತ್ತು. 2011ರ ಕೊನೆಯಲ್ಲಿ ಚೇಳು ಹೋಗಿ ನಿಜವಾದ ಬಾಯಿಹುಣ್ಣಿನ ಫೋಟೊಗಳು ಬಂದವು. 2016ರ ಏಪ್ರಿಲ್‌ನಿಂದ ಪೊಟ್ಟಣದ ಎರಡೂ ಬದಿಯ ಶೇ 85ರಷ್ಟು ಜಾಗ ಎಚ್ಚರಿಕೆಗೇ ಮೀಸಲಾಯಿತು. 2017ರ ಡಿಸೆಂಬರಿನಲ್ಲಿ ಕರ್ನಾಟಕ ಹೈಕೋರ್ಟ್ ಆ ನಿಯಮವನ್ನು ರದ್ದು ಮಾಡಿತು, ಮರುತಿಂಗಳೇ ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟಿತು. ಕೋರ್ಟು ಕಚೇರಿ ಹತ್ತುವಷ್ಟು ಬಲ ಚಿತ್ರಕ್ಕೆ ಬಂದದ್ದು ಅದು ಸಾಂಕೇತಿಕ ಚೇಳಾಗಿದ್ದಾಗ ಅಲ್ಲ, ರೋಗ ಹೇಗಿರುತ್ತದೋ ಹಾಗೆಯೇ ತೋರಿಸತೊಡಗಿದ ಮೇಲೆ.

ಇನ್ನು ಮೊಬೈಲಿನ ಎಮೋಜಿ. ಪಂಚಾಯಿತಿಯ, ಅಂಗನವಾಡಿಯ, ಶಾಲೆಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಸೂಚನೆಗಳು ಹರಿದಾಡುವ ಕಾಲ ಇದು, ಸಾಲಿಗೊಂದು ಎಮೋಜಿ ಸೇರಿಸುವುದು ರೂಢಿಯೇ ಆಗಿದೆ. ಕೆಲವು ಎಮೋಜಿಗಳು ಆರೋಗ್ಯದ ಕೆಲಸಕ್ಕೆಂದೇ ಹುಟ್ಟಿವೆ. 2018ರಲ್ಲಿ ಬಂದ ಸೊಳ್ಳೆಯ ಎಮೋಜಿಗೆ ಅರ್ಜಿ ಹಾಕಿದವರು ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯ ಮತ್ತು ಗೇಟ್ಸ್ ಪ್ರತಿಷ್ಠಾನದವರು, ಮಲೇರಿಯ, ಡೆಂಗಿ ಸಂದೇಶಗಳಿಗೆ ಬೇಕು ಎಂದೇ ಕೇಳಿದ್ದರು. ಆದರೆ ಎಮೋಜಿಯ ರೂಪ ಕಳಿಸುವವರ ಕೈಯಲ್ಲಿ ಇರುವುದಿಲ್ಲ. ಹೋಗುವುದು ಒಂದು ಸಂಖ್ಯೆ ಮಾತ್ರ, ಅದನ್ನು ಚಿತ್ರವಾಗಿ ಬಿಡಿಸುವುದು ಪಡೆಯುವವರ ಫೋನು. ಮಾಸ್ಕ್ ಹಾಕಿದ ಮುಖ ಮೊದಲು ಕಣ್ಣು ಮುಚ್ಚಿ ಸೊರಗಿದ ರೋಗಿಯಂತಿತ್ತು. 2020ರಲ್ಲಿ ಆ್ಯಪಲ್ ಅದಕ್ಕೆ ನಗುವ ಕಣ್ಣು ಕೊಟ್ಟಿತು. ಸಿರಿಂಜಿನ ಎಮೋಜಿಯಲ್ಲಿ ರಕ್ತದ ಹನಿಗಳಿದ್ದವು. 2021ರಲ್ಲಿ ಲಸಿಕೆಯ ಸಂದೇಶಕ್ಕೆ ಹೊಂದಲಿ ಎಂದು ಅದೇ ಕಂಪನಿ ರಕ್ತವನ್ನು ಅಳಿಸಿತು. ಆ ದಿನಗಳಲ್ಲಿ ‘ಲಸಿಕೆ ಹಾಕಿಸಿಕೊಳ್ಳಿ’ ಎಂದು ಸಿರಿಂಜಿನ ಚಿತ್ರ ಕಳಿಸಿದರೆ ಒಂದು ಫೋನಿನಲ್ಲಿ ಶುಭ್ರವಾದ ಸೂಜಿ, ಇನ್ನೊಂದರಲ್ಲಿ ರಕ್ತ ತೊಟ್ಟಿಕ್ಕುವ ಸೂಜಿ, ತೀರ ಹಳೆಯ ಫೋನಿನಲ್ಲಿ ಹೊಸ ಎಮೋಜಿಗಳ ಜಾಗದಲ್ಲಿ ಬರೀ ಖಾಲಿ ಚೌಕ. ಸರ್ಕಾರಿ ಸೂಚನೆ ಓದುವವರಿಗೆ ತಕ್ಕಂತೆ ರೂಪ ಬದಲಾಯಿಸಬಾರದು. ಫೋನಿನಲ್ಲಿ ಕಳಿಸುವುದೇ ಆದರೆ ಚಿತ್ರವನ್ನು ಒಂದು ಫೋಟೊವಾಗಿ ಕಳಿಸಬೇಕು, ಆಗ ಎಲ್ಲರೂ ಒಂದೇ ಚಿತ್ರ ನೋಡುತ್ತಾರೆ.

ನಗುಮುಖ, ಅಳುಮುಖಗಳ ವಿಷಯವಂತೂ ನನಗೆ ಒಪ್ಪಿಗೆಯಿಲ್ಲ. ಕುಡಿಯಲು ಯೋಗ್ಯವಾದ ನೀರಿಗೆ ಹಸಿರು ನಗುಮುಖ, ಅಲ್ಲದ್ದಕ್ಕೆ ಕೆಂಪು ಸಪ್ಪೆಮುಖ ಎಂದು ಹಾಕಿದರೆ ಅದು ಯಾರ ಮುಖ? ನೀರಿನದೋ, ಕುಡಿಯುವವರದೋ, ನೀರುಗಂಟಿಯ ಕೆಲಸಕ್ಕೆ ಕೊಟ್ಟ ಅಂಕವೋ? ಬ್ಯಾಂಕು, ಆಸ್ಪತ್ರೆಗಳಲ್ಲಿ ನಮ್ಮ ಸೇವೆ ಹೇಗಿತ್ತು ಎಂದು ಕೇಳುವುದಕ್ಕೂ ಇವೇ ಮುಖಗಳು. ಮುಖ ಭಾವನೆ ಹೇಳುತ್ತದೆ. ಬೋರಿನ ಹತ್ತಿರ ಕೊಡ ಹಿಡಿದು ನಿಂತವರಿಗೆ ಬೇಕಾದದ್ದು ಏನು ಮಾಡಬೇಕು ಎಂಬ ಮಾತು.

ಮಾಡುವ ಕೆಲಸ ಕಣ್ಣಿಗೆ ಕಾಣುವಂಥದ್ದಾದರೆ ಚಿತ್ರವನ್ನು ಮೀರಿಸುವುದು ಕಷ್ಟ. ಡೆಂಗಿಯನ್ನು ತೆಗೆದುಕೊಳ್ಳಿ. ಡ್ರಮ್ಮಿನ ನೀರಿನಲ್ಲಿ ತಲೆಕೆಳಗಾಗಿ ತೂಗುವ ಮರಿಹುಳು, ಮೇಲೆ ಸೊಳ್ಳೆ, ಬಾಯಿಗೆ ಬಟ್ಟೆ ಕಟ್ಟಿದ ಡ್ರಮ್ಮು. ಹುಳು ಸೊಳ್ಳೆಯಾಗುತ್ತದೆ ಎಂಬುದನ್ನು ನಂಬದವರಿಗೂ ಈ ಮೂರು ಚಿತ್ರ ತಿಳಿಸಿಕೊಡುತ್ತವೆ. ಮೊಟ್ಟೆ ಸೊಳ್ಳೆಯಾಗಿ ಹಾರಲು ವಾರ, ಹತ್ತು ದಿನ ಸಾಕು, ಅದಕ್ಕೇ ವಾರಕ್ಕೊಮ್ಮೆ ತೊಟ್ಟಿ ಉಜ್ಜಿ ಒಣಗಿಸಿ ಎನ್ನುವುದು. ಇಲ್ಲೂ ಚಿತ್ರ ಊರನ್ನು ನೋಡಿ ಬರಬೇಕು. ದಿನ ಬಿಟ್ಟು ದಿನ ನೀರು ಬರುವ ಕಡೆ ಡ್ರಮ್ಮನ್ನು ಬಗ್ಗಿಸಿ ನೀರು ಚೆಲ್ಲುವ ಚಿತ್ರ ಹಾಕಿದರೆ ಜನ ಅದನ್ನು ಪಾಲಿಸುವುದಿಲ್ಲ, ಪಾಲಿಸಲು ಆಗುವುದೂ ಇಲ್ಲ. ಬಟ್ಟೆ ಬಿಗಿಯುವ ಚಿತ್ರ ಅಲ್ಲಿಗೆ ಸರಿ. ರಾಜ್ಯ ಸರ್ಕಾರ 2024ರಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ಎಂದು ಘೋಷಿಸಿದಾಗ ಮನೆಯಲ್ಲಿ ಸೊಳ್ಳೆ ಮರಿ ಸಿಕ್ಕರೆ ಹಳ್ಳಿಯಲ್ಲಿ 200, ಪಟ್ಟಣದಲ್ಲಿ 400 ರೂಪಾಯಿ ದಂಡ ಎಂದೂ ನಿಯಮ ತಂದಿತು. ದಂಡದ ಮಾತು ಬಂದ ಕೂಡಲೇ ಚಿತ್ರದ ಕೆಲಸ ಮುಗಿಯಿತು. ಯಾವ ನಿಯಮ, ಎಷ್ಟು ಹಣ, ವಸೂಲಿ ಮಾಡುವ ಅಧಿಕಾರ ಯಾರಿಗೆ, ಒಪ್ಪದಿದ್ದರೆ ಎಲ್ಲಿ ದೂರಬೇಕು ಎಂಬುದು ಅಕ್ಷರದಲ್ಲೇ ಇರಬೇಕು. ಓದಲಾರದವರಿಗೆ ಅದನ್ನು ಓದಿ ಹೇಳುವುದು ಕಚೇರಿಯ ಹೊಣೆ.

ಓದಿ ಹೇಳುವ ಆ ಹೊಣೆ ಈ ನೆಲಕ್ಕೆ ಬಹಳ ಹಳೆಯದು. ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಬೆಟ್ಟಗಳಲ್ಲಿ ಅಶೋಕನ ಬಂಡೆಶಾಸನಗಳಿವೆ, 1892ರಲ್ಲಿ ಬಿ.ಎಲ್. ರೈಸ್ ಪತ್ತೆ ಮಾಡಿದ್ದು. ಬ್ರಹ್ಮಗಿರಿಯ ಶಾಸನ ಶುರುವಾಗುವುದೇ ಕಚೇರಿಯ ಪತ್ರದ ಹಾಗೆ. ಸುವರ್ಣಗಿರಿಯಲ್ಲಿರುವ ಆರ್ಯಪುತ್ರ ಮತ್ತು ಮಹಾಮಾತ್ರರಿಂದ ಇಸಿಲದ ಮಹಾಮಾತ್ರರಿಗೆ, ಮೊದಲು ಅವರ ಆರೋಗ್ಯ ಕೇಳಿ ಆಮೇಲೆ ವಿಷಯಕ್ಕೆ. ಕೊನೆಯಲ್ಲಿ ಬರೆದವನು ಚಪಡ ಎಂದು ಲಿಪಿಕಾರ ಹೆಸರು ಹಾಕಿದ್ದಾನೆ. ಹೇಳುತ್ತಿರುವವರು ಯಾರು, ಯಾರಿಗೆ, ಬರೆದವರು ಯಾರು ಎಂಬ ಮೂರೂ ಬಂಡೆಯ ಮೇಲಿವೆ. ಆಗಲೂ ಊರಿನ ಹೆಚ್ಚಿನವರಿಗೆ ಅಕ್ಷರ ಬರುತ್ತಿರಲಿಲ್ಲ. ಗಡಿಯಾಚೆ ಕರ್ನೂಲು ಸೀಮೆಯ ಎರ್ರಗುಡಿಯ ಶಾಸನದಲ್ಲಿ ಅಧಿಕಾರಿಗಳು ಭೇರಿ ಹೊಡೆಸಿ ಜನರಿಗೆ ತಿಳಿಸಬೇಕೆಂಬ ಆಜ್ಞೆ ಇದೆ. ಅಕ್ಷರ ಬಂಡೆಯ ಮೇಲೆ ನಿಂತಿತು, ಅದನ್ನು ಜನರ ಕಿವಿಗೆ ಮುಟ್ಟಿಸುವ ಕೆಲಸ ಅಧಿಕಾರಿಯ ಪಾಲಿಗೆ ಬಂತು. ಸೂಚನೆಗೆ ತೂಕ ಬರುವುದು ಹೊಣೆ ಹೊತ್ತವರ ಹೆಸರಿನಿಂದ. ಈಗಿನ ಎಷ್ಟೋ ಫಲಕಗಳಲ್ಲಿ ಚಿತ್ರವಿರುತ್ತದೆ, ಯೋಜನೆಯ ಲಾಂಛನವಿರುತ್ತದೆ, ಯಾವ ತಾರೀಖಿನ ಮಾತು, ಕೇಳಬೇಕಾದರೆ ಯಾರನ್ನು ಎಂಬುದು ಇರುವುದಿಲ್ಲ. ಚಿತ್ರ ಹಗುರಾಗಿ ಕಾಣುವುದು ಅದರಿಂದ. ಅದರ ದುಂಡುಮುಖದ ಮೇಲೆ ತಪ್ಪು ಹೊರಿಸಬೇಕಾಗಿಲ್ಲ.

ತಾರೀಖು ಎಂಥ ದೊಡ್ಡ ವಿಷಯ ಎಂಬುದಕ್ಕೆ ಬಾಂಗ್ಲಾದೇಶದ ಅನುಭವ ಸಾಕು. ಅಲ್ಲಿ ಕೊಳವೆಬಾವಿಗಳಲ್ಲಿ ಆರ್ಸೆನಿಕ್ ಇರುವುದು ತಿಳಿದ ಮೇಲೆ 2000ದಿಂದ 2003ರವರೆಗೆ ಸುಮಾರು 50 ಲಕ್ಷ ಬಾವಿಗಳನ್ನು ಪರೀಕ್ಷಿಸಿ, ಕೆಟ್ಟವಕ್ಕೆ ಕೆಂಪು, ಒಳ್ಳೆಯವಕ್ಕೆ ಹಸಿರು ಬಣ್ಣ ಬಳಿದರು. ಕೆಂಪಾದವು ಸುಮಾರು 14 ಲಕ್ಷ. ಇಷ್ಟು ದೊಡ್ಡ ಸಂಖ್ಯೆಯ ಜನಕ್ಕೆ ಇಷ್ಟು ಬೇಗ ಮುಟ್ಟಿದ ಆರೋಗ್ಯ ಸೂಚನೆ ಬೇರೆ ಕಡೆ ಕಡಿಮೆ, ಎಷ್ಟೋ ಮನೆಯವರು ಪಕ್ಕದ ಹಸಿರು ಬಾವಿಗೆ ಹೋಗತೊಡಗಿದರು. ಆದರೆ ಬಣ್ಣ ಕೆಲವು ವರ್ಷಗಳಲ್ಲಿ ಉದುರಿತು, ಆಮೇಲೆ ಕೊರೆದ ಬಾವಿಗಳಿಗೆ ಪರೀಕ್ಷೆಯೂ ಇಲ್ಲ, ಬಣ್ಣವೂ ಇಲ್ಲ. ಬಣ್ಣವಿಲ್ಲದ ಬಾವಿ ಒಳ್ಳೆಯದೋ ಕೆಟ್ಟದ್ದೋ ಎಂದು ನೋಡಿ ತಿಳಿಯುವಂತಿರಲಿಲ್ಲ.

ನಮ್ಮಲ್ಲಿ ಜಲಜೀವನ್ ಮಿಷನ್ ಅಡಿಯಲ್ಲಿ ಪ್ರತಿ ಹಳ್ಳಿಯಲ್ಲಿ ಐವರು ಮಹಿಳೆಯರಿಗೆ ಕಿಟ್ ಬಳಸಿ ನೀರು ಪರೀಕ್ಷಿಸುವ ತರಬೇತಿ ಕೊಡಬೇಕೆಂದಿದೆ. ಫ್ಲೋರೈಡಿಗೆ ಬಳಸುವ ಸಾಮಾನ್ಯ ಕಿಟ್‌ಗಳಲ್ಲಿ ನೀರಿಗೆ ದ್ರಾವಣದ ಹನಿ ಹಾಕಿ, ಬಣ್ಣ ನಿಂತ ಮೇಲೆ ಪಟ್ಟಿಯೊಂದಿಗೆ ಹೋಲಿಸುತ್ತಾರೆ. ಫ್ಲೋರೈಡ್ ಇಲ್ಲದಿದ್ದರೆ ಗುಲಾಬಿ, ಹೆಚ್ಚುತ್ತ ಹೋದಂತೆ ಹಳದಿ. ಕೆಂಪು ಛಾಯೆ ಒಳ್ಳೆಯದಕ್ಕೆ, ಹಳದಿ ಕೆಟ್ಟದ್ದಕ್ಕೆ. ಫಲಕದಲ್ಲಿ ಕೆಂಪೆಂದರೆ ಬೇಡ, ಕಿಟ್ಟಿನಲ್ಲಿ ಗುಲಾಬಿಯೆಂದರೆ ಆಗಬಹುದು. ಒಬ್ಬಳೇ ಹೆಣ್ಣುಮಗಳು ಎರಡನ್ನೂ ನೋಡಬೇಕಾಗುತ್ತದೆ, ತರಬೇತಿಯಲ್ಲಿ ಇದನ್ನು ಬಿಡಿಸಿ ಹೇಳದಿದ್ದರೆ ಫಲಿತಾಂಶವೇ ತಿರುಗುಮುರುಗಾಗುತ್ತದೆ. ಭಾರತೀಯ ಮಾನಕದಂತೆ ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಸರಿ, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ. ಬಿಸಿಲಿನಲ್ಲಿ ಹೊಲದ ಕೆಲಸ ಮಾಡುವವರು ದಿನಕ್ಕೆ ನಾಲ್ಕು ಲೀಟರ್ ಕುಡಿಯುತ್ತಾರೆ ಎಂದರೆ, ಎರಡು ಲೀಟರ್ ಕುಡಿಯುವವರಿಗಿಂತ ಅವರ ಹೊಟ್ಟೆಗೆ ಸೇರುವುದು ಎರಡರಷ್ಟು. ಇದನ್ನು ಯಾವ ಚಿತ್ರವೂ ಹೇಳಲಾರದು. ಫಲಕದಲ್ಲಿ ಅಂಕಿ ಇರಬೇಕು, ಊರಿನ ಸಭೆಯಲ್ಲಿ ಅದನ್ನು ವಿವರಿಸುವವರೂ ಇರಬೇಕು.

ಚಿತ್ರವನ್ನು ಗೋಡೆಗೆ ಹಾಕುವ ಮೊದಲು ಅಳೆಯುವ ಕ್ರಮವೊಂದಿದೆ. ಅಮೆರಿಕದ ಸುರಕ್ಷತಾ ಚಿಹ್ನೆಗಳ ಮಾನಕದಲ್ಲಿ ಚಿತ್ರವನ್ನು ಕನಿಷ್ಠ 50 ಜನರಿಗೆ ತೋರಿಸಬೇಕು, ಶೇ 85 ಮಂದಿ ಸರಿಯಾಗಿ ಓದಬೇಕು. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದು ಷರತ್ತು, ಉದ್ದೇಶಕ್ಕೆ ತೀರ ವಿರುದ್ಧವಾಗಿ ಓದಿದವರು ಶೇ 5ಕ್ಕಿಂತ ಹೆಚ್ಚಿರಬಾರದು. ಗೊತ್ತಾಗಲಿಲ್ಲ ಎಂದವರಿಂದ ಅಪಾಯ ಕಡಿಮೆ, ಅವರು ಪಕ್ಕದವರನ್ನು ಕೇಳುತ್ತಾರೆ. ತಿರುಗಾಮುರುಗಾ ತಿಳಿದವರು ಯಾರನ್ನೂ ಕೇಳುವುದಿಲ್ಲ. ಮನುಷ್ಯರಿಗೆ ಹಾನಿ ಮಾಡುವ ವಿಕಿರಣದ ಹೊಸ ಚಿಹ್ನೆಯನ್ನು 2007ರಲ್ಲಿ ತರುವ ಮುನ್ನ ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಯವರು ಭಾರತವೂ ಸೇರಿ 11 ದೇಶಗಳಲ್ಲಿ 1,650 ಜನರಿಗೆ ತೋರಿಸಿ ನೋಡಿದ್ದರು.

ನಮ್ಮ ಪಂಚಾಯಿತಿಗೆ ಇದಕ್ಕೆ ಹಣವೇ ಬೇಕಾಗಿಲ್ಲ. ಹಾಳೆಯ ಮೇಲೆ ಮೂರು ಮಾದರಿ ಬರೆದು ಒಂದು ಸಂಜೆ ಫಿಲ್ಟರ್ ನೀರಿನ ಘಟಕದ ಹತ್ತಿರ ನಿಂತರೆ 50 ಜನ ಸಿಗುತ್ತಾರೆ. ಹಟ್ಟಿಯ ಹೆಂಗಸರು, ಮುದುಕರು, ತೆಲುಗು, ಉರ್ದು, ಲಂಬಾಣಿ ಮಾತಾಡುವವರು ಅದರಲ್ಲಿ ಬರಬೇಕು. ಚಿತ್ರ ಚೆನ್ನಾಗಿದೆಯೇ ಎಂದು ಕೇಳಬಾರದು, ಎಲ್ಲರೂ ಮರ್ಯಾದೆಗೆ ಚೆನ್ನಾಗಿದೆ ಎನ್ನುತ್ತಾರೆ. ‘ಇದನ್ನ ನೋಡಿದ್ಮೇಲೆ ಈ ನೀರಲ್ಲಿ ಏನೇನು ಮಾಡ್ತೀರ, ಏನೇನು ಮಾಡಲ್ಲ?’ ಎಂದು ಕೇಳಿ, ಅವರು ಹೇಳಿದ್ದನ್ನು ಹಾಗೆಯೇ ಬರೆದುಕೊಳ್ಳಬೇಕು. ಒಬ್ಬರ ಉತ್ತರ ಇನ್ನೊಬ್ಬರಿಗೆ ಕೇಳಿಸದ ಹಾಗೆ ಒಬ್ಬೊಬ್ಬರನ್ನೇ ಕರೆಯಬೇಕು. 50 ಜನರಲ್ಲಿ ಮೂವರು ‘ಕುದಿಸಿ ಕುಡೀಬೋದು’ ಎಂದರೂ ಶೇ 5ರ ಗಡಿ ದಾಟಿತು, ಆ ಚಿತ್ರ ಆಗದು.

ನನ್ನನ್ನು ಕೇಳಿದರೆ ಆ ಫಲಕದಲ್ಲಿ ಎರಡೇ ಚಿತ್ರ ಸಾಕು. ಕೊಡದಿಂದ ಲೋಟಕ್ಕೂ ಮುದ್ದೆಯ ಪಾತ್ರೆಗೂ ನೀರು ಸುರಿಯುವ ಕೈ, ಅದರ ಮೇಲೆ ಕೆಂಪು ಅಡ್ಡಗೆರೆ. ಪಕ್ಕದಲ್ಲಿ ಬಟ್ಟೆ ಒಗೆಯುವ ಕಲ್ಲು, ಅದರ ಮೇಲೆ ಗೆರೆಯಿಲ್ಲ. ತಲೆಬುರುಡೆ ಬೇಡ, ಮುಖವೂ ಬೇಡ. ಕೆಳಗೆ ಕನ್ನಡದಲ್ಲಿ, ತೆಲುಗು ಮನೆಗಳಿರುವ ಕಡೆ ತೆಲುಗಿನಲ್ಲೂ ದೊಡ್ಡ ಅಕ್ಷರಗಳಲ್ಲಿ ಎರಡು ಸಾಲು: ಕುದಿಸಿದರೂ ಫ್ಲೋರೈಡ್ ಹೋಗುವುದಿಲ್ಲ, ಕುಡಿಯಲು ಅಡುಗೆಗೆ ಇಂಥ ಜಾಗದ ಫಿಲ್ಟರ್ ನೀರು ತನ್ನಿ. ಅದರ ಕೆಳಗೆ ಪರೀಕ್ಷೆಯ ತಾರೀಖು, ಬಂದ ಅಂಕಿ, ಪಿಡಿಒ ಹುದ್ದೆಯ ಹೆಸರು, ಕಚೇರಿಯ ಫೋನ್ ನಂಬರು. ತಾರೀಖು ಮತ್ತು ಅಂಕಿಯ ಜಾಗವನ್ನು ಕಪ್ಪು ಹಲಗೆಯಂತೆ ಬಿಟ್ಟರೆ ಮಳೆಗಾಲದ ಮೊದಲು ಒಮ್ಮೆ, ಮುಗಿದ ಮೇಲೆ ಒಮ್ಮೆ ಪರೀಕ್ಷೆ ಮಾಡಿದವರೇ ಅಳಿಸಿ ಹೊಸದು ಬರೆಯಬಹುದು. ಬೋರ್ ಮತ್ತೆ ಆಳಕ್ಕೆ ಇಳಿಸಿದ ದಿನ, ಬೇರೆ ಮೋಟಾರ್ ಬಿಟ್ಟ ದಿನ ಹಳೆಯ ಅಂಕಿಯನ್ನು ಅಳಿಸಲೇಬೇಕು. ಆರ್‌ಒ ಘಟಕ ಕೆಟ್ಟು ನಿಂತರೆ ಫಿಲ್ಟರ್ ನೀರು ತನ್ನಿ ಎಂಬ ಸಾಲಿಗೆ ಅರ್ಥವಿಲ್ಲ, ಅದು ಸರಿಯಾಗುವವರೆಗೆ ಟ್ಯಾಂಕರ್ ಎಲ್ಲಿ, ಎಷ್ಟು ಹೊತ್ತಿಗೆ ಬರುತ್ತದೆ ಎಂಬುದನ್ನು ಅದೇ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯಬೇಕು, ಕಸದ ಗಾಡಿಯ ಮೈಕಿನಲ್ಲೂ ಕೂಗಿಸಬೇಕು. ಈ ಕೆಲಸ ಯಾರದೆಂದು ಪಂಚಾಯಿತಿ ಸಭೆಯಲ್ಲಿ ಠರಾವು ಮಾಡಿ, ಬಣ್ಣಕ್ಕೂ ಕಿಟ್ಟಿನ ದ್ರಾವಣಕ್ಕೂ ವರ್ಷದ ಲೆಕ್ಕದಲ್ಲಿ ಹಣ ತೆಗೆದಿಟ್ಟ ಮೇಲೆ ಪೇಂಟರನ್ನು ಕರೆಸಿದರೆ ಆಯಿತು.